ಇಷ್ಬೆಲ್‌ಳ ಡ್ಯಾಶ್

ಎಡಿನ್‌ಬರಾದ ಪ್ರಕಾಶನವೊಂದರಲ್ಲಿ ಇಪ್ಪತ್ತಾರು ವರ್ಷ ಹಸ್ತಪ್ರತಿ ತಿದ್ದಿದವಳು ನಾನು. ಡ್ಯಾಶ್ ಕಂಡರೆ ನನಗಾಗುತ್ತಿರಲಿಲ್ಲ. "ಮುಂದೇನು ಹೇಳ್ಬೇಕು ಅಂತ ಗೊತ್ತಿಲ್ಲದೋರು ಎಳೆಯೋ ಗೆರೆ ಅದು," ಅನ್ನುತ್ತಿದ್ದೆ. ಮುಂದೆ ವಿವರಣೆ ಬಂದರೆ ಕೋಲನ್ ಹಾಕುತ್ತಿದ್ದೆ, ಸರಿಸಮನಾದ ಎರಡು ಪೂರ್ಣ ಮಾತುಗಳಿದ್ದರೆ ಸೆಮಿಕೋಲನ್.

ನಿವೃತ್ತ ದಾದಿ ಇಷ್ಬೆಲ್ ಗೆಡೆಸ್ ತನ್ನ ಗಂಡನ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ವಾಕ್ಯವಿತ್ತು: "ಟೀ ಆಯ್ತು ಅಂತ ಕೂಗಿದೆ — ಅವನು ಹೋಗಿಬಿಟ್ಟಿದ್ದ." ಎರಡೂ ಪೂರ್ಣ ಮಾತುಗಳೇ. ಡ್ಯಾಶಿನ ಮೇಲೆ ಗೀಟು ಎಳೆದು ಸೆಮಿಕೋಲನ್ ಇಟ್ಟೆ. ತಿದ್ದಿದ ಪ್ರತಿಯನ್ನು ನೋಡಿ ವಾಪಸು ಕಳಿಸಿದ ಇಷ್ಬೆಲ್ ಫೋನಿನಲ್ಲಿ, "ನಿನಗೇ ಚೆನ್ನಾಗಿ ಗೊತ್ತಿರತ್ತಲ್ಲಮ್ಮ, ನಾನೇನು ಅಷ್ಟು ಓದಿದೋಳಾ," ಅಂದಳು.

ಬಿಡುಗಡೆಯ ದಿನ ಅವಳೇ ಆ ಪುಟ ಓದಿದಳು. "ಕೂಗಿದೆ" ಅಂದವಳು ಅಲ್ಲೇ ನಿಂತುಬಿಟ್ಟಳು. ಉಳಿದ ಮಾತು ಎಷ್ಟೋ ಹೊತ್ತಿನ ಮೇಲೆ ಬಂತು. ಹಾಗೆ ಕಡಿದು ಬೀಳುವ ಜಾಗಕ್ಕೆ ಡ್ಯಾಶೇ ಬೇಕಿತ್ತು. ನನ್ನ ಸೆಮಿಕೋಲನ್ ಟೀಯನ್ನೂ ಸಾವನ್ನೂ ಒಂದೇ ಸಾಲಿನಲ್ಲಿ ಕೂರಿಸಿತ್ತು.

ಮರುಮುದ್ರಣದಲ್ಲಿ ಸರಿಮಾಡೋಣವೆಂದುಕೊಂಡೆ. ಮರುಮುದ್ರಣ ಆಗಲೇ ಇಲ್ಲ.

ಅವಳು ತೀರಿಕೊಂಡ ಮೇಲೆ, ನಾನು ತಿದ್ದಿದ್ದ ಆ ಹಳೆಯ ಪ್ರತಿ ತೆಗೆದು ನೋಡಿದೆ. ತಿದ್ದಿದ್ದು ಬೇಡ, ಮೊದಲಿನದೇ ಇರಲಿ ಎನ್ನುವ ಲೇಖಕರು ನಮ್ಮಲ್ಲಿ ಅದರ ಕೆಳಗೆ ಚುಕ್ಕೆಗಳನ್ನಿಡುವುದು ವಾಡಿಕೆ. ಆ ಡ್ಯಾಶಿನ ಕೆಳಗೆ ಪೆನ್ಸಿಲಿನ ಮೂರು ಚುಕ್ಕೆಗಳ ಮಸುಕು ಗುರುತಿತ್ತು. ರಬ್ಬರಿನಿಂದ ಉಜ್ಜಿ ಅಳಿಸಿದ್ದಳು.