ಒಂಬತ್ತಾದ ಮೇಲೆ ಹನ್ನೆರಡು

"ಇದೊಂದೇ ಕಣೇ ಇರೋದು" ಅಂತ ಅಕ್ಕ ಫೋನನ್ನ ಮೇಜಿನ ಮೇಲಿಟ್ಟಳು. ಪರದೆ ಮೇಲೆ ಒಂದು ಎಕ್ಸೆಲ್ ಶೀಟಿನ ಸ್ಕ್ರೀನ್‌ಶಾಟ್. "ನೀನು ದಿನಾ ಇದ್ರಲ್ಲೇ ಮುಳುಗಿರ್ತೀಯಲ್ಲ. ಹೇಗಾದ್ರೂ ಮಾಡಿ ಇದನ್ನ ಮತ್ತೆ ಶೀಟ್ ಮಾಡಿಕೊಡು."

ತಂಗಿ ಒಂದು ಗೋದಾಮಿನ ಆಫೀಸಿನಲ್ಲಿ ಸರಕಿನ ಲೆಕ್ಕ ನೋಡೋಳು. ಶೀಟು ಅಂದ್ರೆ ಅವಳಿಗೆ ನೀರು ಕುಡಿದಷ್ಟು ಸಲೀಸು. ಆದ್ರೆ ಇದು ಸರಕಲ್ಲ, ಗುಬ್ಬಿಯ ಊಟ.

ಗುಬ್ಬಿ ಅಂದ್ರೆ ಅಕ್ಕನ ಮಗಳು. ಅವಳಿಗೆ ಫಿಟ್ಸ್. ಮಾತ್ರೆ ಯಾವುದೂ ನಾಟದೆ ಹೋದಾಗ ಆಸ್ಪತ್ರೆಯವರು ಊಟದ ದಾರಿ ಹಿಡಿಸಿದ್ರು: ಕೊಬ್ಬು ಮೂರು ಪಾಲು, ಪ್ರೋಟೀನೂ ಸಕ್ಕರೆ-ಪಿಷ್ಟವೂ ಸೇರಿ ಒಂದು ಪಾಲು. ಪ್ರತಿ ತುತ್ತೂ ತಕ್ಕಡಿ ಮೇಲೆ ಕೂತೇ ಬಾಯಿಗೆ ಬರಬೇಕು. ಆ ಲೆಕ್ಕ ಹಾಕ್ತಿದ್ದ ಡಯಟ್ ಮೇಡಂ ಗುಬ್ಬಿ ಪಾಲಿಗೆ ದೇವರು. ಈ ಅಳತೆಯ ಊಟ ಶುರುವಾಗಿ ವರ್ಷವಿಡೀ ಒಂದೂ ಫಿಟ್ಸ್ ಬಂದಿರಲಿಲ್ಲ.

ಆಮೇಲೆ ಮೇಡಂ ಹೋಗಿಬಿಟ್ರು. ಹೃದಯಾಘಾತ. ಅವರ ಕಂಪ್ಯೂಟರನ್ನ ಯಾರೋ ಅಳಿಸಿ ಬೇರೆಯವರಿಗೆ ಕೊಟ್ಟಿದ್ರು. ಉಳಿದಿದ್ದು ಅವರು ಕೊನೆಯ ಸಲ ಪಟ್ಟಿ ಬದಲಿಸಿ ಕಳಿಸಿದ ಈ ಚಿತ್ರ. ಅದೇ ಸಮಯದಿಂದ ಗುಬ್ಬಿಗೆ ಫಿಟ್ಸ್ ಮರಳಿದೆ.

"ತೂಕ ಏರಿದೆ. ಅದಕ್ಕೇ ಈ ಲೆಕ್ಕ ಸಾಲ್ತಿಲ್ಲ. ಶೀಟಿದ್ರೆ ಹೊಸ ತೂಕಕ್ಕೆ ಬದಲಿಸಬಹುದು" ಅಂದಳು ಅಕ್ಕ. "ಹೊಸ ಮೇಡಂ ಹತ್ರ ಸರದಿ ಬರೋದು ಮುಂದಿನ ತಿಂಗಳು. ಅಷ್ಟರವರೆಗೆ ನಾನು ಕೈಕಟ್ಟಿ ಕೂರ್ಲಾ?"

"ಬಾರೇ, ಮಾಡೋಣ" ಅಂತ ತಂಗಿ ಲ್ಯಾಪ್‌ಟಾಪ್ ತೆಗೆದಳು. ಚಿತ್ರವನ್ನ ಟೇಬಲ್ ಮಾಡೋ ಆ್ಯಪ್ ಇತ್ತು ಅವಳ ಹತ್ರ. ಕ್ಷಣದಲ್ಲಿ ಅಂಕಿಗಳೆಲ್ಲ ಸಾಲಾಗಿ ನಿಂತವು: ಬೆಣ್ಣೆ, ಕ್ರೀಮು, ಮೊಟ್ಟೆ, ತರಕಾರಿ, ಸೇಬು, ಕೆಳಗೆ ಒಟ್ಟು. ಅಕ್ಕನ ಮುಖ ಅರಳಿತು.

"ಅಷ್ಟಕ್ಕೇ ಹಿಗ್ಗಬೇಡ" ಅಂದಳು ತಂಗಿ. "ಚಿತ್ರದಲ್ಲಿ ಇರೋದು ಬಣ್ಣದ ಚುಕ್ಕೆ ಅಷ್ಟೇ. ಉತ್ತರ ಕಾಣುತ್ತೆ, ಉತ್ತರ ಬಂದ ದಾರಿ ಕಾಣಲ್ಲ. ಮೇಡಂ ಕ್ಲಿಕ್ ಮಾಡಿದ್ದ ಒಂದೇ ಒಂದು ಚೌಕದ ಸೂತ್ರ ಮಾತ್ರ ಮೇಲಿನ ಪಟ್ಟಿಯಲ್ಲಿ ಕಾಣ್ತಿದೆ, ನೋಡು: C12 ಅನ್ನ D12, E12 ಎರಡರ ಮೊತ್ತದಿಂದ ಭಾಗಿಸು ಅಂತ. ಒಟ್ಟು ಕೊಬ್ಬನ್ನ ಪ್ರೋಟೀನ್-ಪಿಷ್ಟದ ಮೊತ್ತದಿಂದ ಭಾಗಿಸಿ ಪಾಲು ತೆಗೆಯೋ ಲೆಕ್ಕ. ಉಳಿದಿದ್ದೆಲ್ಲ ನಾನು ಊಹಿಸಿ, ಅಂಕಿಗೆ ತಾಳೆ ನೋಡಬೇಕು."

ಒಟ್ಟು ಅಂದ್ರೆ ಕೂಡೋದೇ ತಾನೇ ಅಂತ ಕೂಡಿಸಿದಳು. ಪ್ರೋಟೀನ್ ಏಳು, ಸರಿ. ಪಿಷ್ಟ ಐದು, ಸರಿ. ಕೊಬ್ಬು ಇಪ್ಪತ್ತೊಂದು. ಚಿತ್ರದಲ್ಲಿ ಮೂವತ್ತಾರು.

ಆ್ಯಪ್ ಯಾವುದೋ ಅಂಕಿ ತಪ್ಪು ಓದಿದೆ ಅಂತ ಒಂದೊಂದನ್ನೂ ಚಿತ್ರದ ಜೊತೆ ಹೋಲಿಸಿದಳು. ಒಂದೂ ತಪ್ಪಿಲ್ಲ. ಇಪ್ಪತ್ತೊಂದೇ ಇಪ್ಪತ್ತೊಂದು.

ಗುಬ್ಬಿ ಪಕ್ಕದ ಕುರ್ಚಿ ಏರಿ ಫೋನಿನ ಚಿತ್ರದ ಎಡಗಡೆ ಇದ್ದ ಸಾಲಿನ ಅಂಕಿಗಳನ್ನ ಬೆರಳಿಟ್ಟು ಓದ್ತಿದ್ದಳು. "ಏಳು, ಎಂಟು, ಒಂಬತ್ತು, ಹನ್ನೆರಡು."

"ಏಯ್ ಕಳ್ಳಿ, ಹತ್ತು ಹನ್ನೊಂದನ್ನ ನುಂಗಿಬಿಟ್ಯಾ?"

"ನಾನ್ಯಾಕೆ ನುಂಗ್ಲಿ ಚಿಕ್ಕಮ್ಮಾ? ಅಲ್ಲಿ ಇಲ್ವೇ ಇಲ್ಲ!"

ತಂಗಿ ನಗ್ತಾ ಬಗ್ಗಿ ನೋಡಿದಳು. ನಗು ಅಲ್ಲೇ ನಿಂತಿತು. ಒಂಬತ್ತಾದ ಮೇಲೆ ನೇರ ಹನ್ನೆರಡು. ಮಧ್ಯದ ಗೆರೆ ಬೇರೆ ಗೆರೆಗಳಿಗಿಂತ ಚೂರು ದಪ್ಪ. ಆ್ಯಪ್ ಸಾಲುಗಳನ್ನ ಒತ್ತಿ ಒಂದರ ಹಿಂದೊಂದು ಕೂರಿಸಿ ಆ ಗಾಯವನ್ನೇ ಮುಚ್ಚಿಬಿಟ್ಟಿತ್ತು.

"ಅಕ್ಕಾ" ಅಂದಳು ಮೆಲ್ಲಗೆ. "ಎರಡು ಸಾಲು ಅಡಗಿಸಿಟ್ಟಿದ್ದಾರೆ. ಕೈಯಾರೆ ಅಡಗಿಸಿದ ಸಾಲು ಕಣ್ಣಿಗೆ ಬೀಳಲ್ಲ, ಮಾಮೂಲಿ ಕೂಡುವ ಸೂತ್ರಕ್ಕೆ ಮಾತ್ರ ಸೇರ್ತಾನೇ ಇರುತ್ತೆ. ಆ ಎರಡೂ ಸೇರಿ ಹದಿನೈದು ಗ್ರಾಂ ಕೊಬ್ಬು. ಬೇರೇನೂ ಇಲ್ಲ."

ಅಕ್ಕ ಫೋನನ್ನ ಹತ್ತಿರಕ್ಕೆ ಎಳೆದುಕೊಂಡಳು. "ಅಂದ್ರೆ ನಾನು..."

"ನೀನು ಚಿತ್ರದಲ್ಲಿ ಕಂಡಷ್ಟನ್ನೇ ತೂಗಿ ಹಾಕ್ತಿದ್ದೀಯ. ಲೆಕ್ಕ ಮೂರು ಪಾಲು ಅಂತ ತೋರಿಸ್ತಿದೆ. ತಟ್ಟೇಲಿ ಎರಡೂ ಪೂರ್ತಿ ಇಲ್ಲ."

ಅಕ್ಕ ಎದ್ದು ಹೋಗಿ ಗುಬ್ಬಿಯ ಮೂತ್ರ ಪರೀಕ್ಷೆಯ ಪಟ್ಟಿಗಳ ಡಬ್ಬಿ ತಂದಳು. ಕೊಬ್ಬು ಸಾಕಷ್ಟು ಸುಡ್ತಿದ್ರೆ ಆ ಪಟ್ಟಿ ಕಡು ನೇರಳೆ ಆಗಬೇಕು. "ತಿಂಗಳಿಂದ ಬರೀ ತಿಳಿ ಗುಲಾಬಿ. ಡಬ್ಬಿ ಹಳೇದು ಅಂದ್ಕೊಂಡೆ. ಹೊಸದು ತಂದೆ. ಅದೂ ಗುಲಾಬಿ." ಡಬ್ಬಿಯನ್ನ ಮೇಜಿನ ಮೇಲಿಟ್ಟಳು. "ನನ್ನ ಕೈಯಿಂದಲೇ ಅಲ್ವೇನೇ?"

ಚಿತ್ರದ ಕೆಳಗೆ ಮೇಡಂ ಒಂದು ಸಾಲು ಬರೆದಿದ್ದರು: 'ಉಳಿದಿದ್ದನ್ನ ಬಂದಾಗ ತೋರಿಸ್ತೀನಿ.' ಅಕ್ಕ ಅದನ್ನ ಔಪಚಾರಿಕ ಮಾತು ಅಂತ ಬಿಟ್ಟಿದ್ದಳು. ಆಸ್ಪತ್ರೆಗೆ ಹೋಗೋ ದಿನ ಬರೋಕೆ ಮುಂಚೆಯೇ ಮೇಡಂ ತೀರಿಕೊಂಡಿದ್ದರು.

ಅಕ್ಕ ತಟಕ್ಕನೆ ಅಡುಗೆಮನೆಗೆ ನುಗ್ಗಿ ಎಣ್ಣೆ ಬಾಟಲಿ ಕೈಗೆತ್ತಿಕೊಂಡಳು. "ಬರೀ ಕೊಬ್ಬು ಅಂದ್ರೆ ಎಣ್ಣೇನೇ. ಹದಿನೈದು ಗ್ರಾಂ ತಾನೇ, ಈಗಲೇ ಹಾಕ್ತೀನಿ."

ತಂಗಿ ಬಾಟಲಿ ಮೇಲೆ ಕೈಯಿಟ್ಟಳು. ಅವಳಿಗೂ ಆಸೆ ಇತ್ತು. ಸಾಲು ಹತ್ತರಲ್ಲಿ 'ಎಣ್ಣೆ, ಹದಿನೈದು' ಅಂತ ಬರೆದ್ರೆ ಲೆಕ್ಕ ಚಕಚಕ ತಾಳೆಯಾಗುತ್ತೆ, ತಾನು ಗೆದ್ದಂತೆಯೂ ಆಗುತ್ತೆ. ಆದ್ರೆ ಹತ್ತೂ ಐದೂ ಹದಿನೈದು, ಹದಿಮೂರೂ ಎರಡೂ ಹದಿನೈದೇ.

"ಬೇಡ ಅಕ್ಕಾ. ಎಷ್ಟು ಕಮ್ಮಿ ಅಂತ ಚಿತ್ರ ಹೇಳುತ್ತೆ. ಏನು ಕಮ್ಮಿ ಅಂತ ಹೇಳಲ್ಲ. ಎರಡು ಸಾಲು ಇವೆ, ಎರಡು ಬೇರೆ ಬೇರೆ ಇರಬಹುದು. ನಾನು ಬರೆಯೋದು ನನ್ನ ಊಹೆ, ಅವರ ಲೆಕ್ಕ ಅಲ್ಲ."

"ಇನ್ನೊಂದು ಫಿಟ್ಸ್ ಬಂದ್ರೆ?"

"ಅದಕ್ಕೇ ಈಗಲೇ ಹೊರಡೋಣ. ಸರದಿ ಗಿರದಿ ಕಾಯೋದು ಬೇಡ. ಇಪ್ಪತ್ತೊಂದು, ಮೂವತ್ತಾರು, ಇಷ್ಟು ತೋರಿಸಿದ್ರೆ ಸಾಕು."

ಸಾಕಾಯ್ತು. ಹೊಸ ಡಯಟ್ ಮೇಡಂ ಬಾಗಿಲಲ್ಲೇ ನಿಂತು ಚಿತ್ರ ನೋಡಿದವರು ಒಳಗೆ ಕರೆದು ಕೂರಿಸಿದ್ರು. ವಾರ್ಡಿನ ಹಿರಿಯ ನರ್ಸಮ್ಮನನ್ನ ಕರೆಸಿ ಕೇಳಿದ್ರು.

"ಅವರ ಪದ್ಧತಿ ಅದು" ಅಂದ್ರು ನರ್ಸಮ್ಮ. "ಎಣ್ಣೆ ಕಂಡ್ರೆ ಅಮ್ಮಂದಿರು ಊಟಕ್ಕೆ ಕಲಸಿಬಿಡ್ತಾರೆ, ಅರ್ಧ ಬಟ್ಟಲಿಗೇ ಅಂಟಿಕೊಳ್ಳುತ್ತೆ. ಅದಕ್ಕೇ ಎಣ್ಣೆ ಸಾಲುಗಳನ್ನ ಅಡಗಿಸಿ ಚಿತ್ರ ಕಳಿಸೋರು. ಎದುರಿಗೆ ಬಂದಾಗ ಸಿರಿಂಜಿನಲ್ಲಿ ಗುರುತು ಹಾಕಿ, ನೇರ ಬಾಯಿಗೆ ಹಾಕೋದನ್ನ ಕಲಿಸೋರು. ಮಾಮೂಲಿ ಎಣ್ಣೆ ಒಂದು, ಔಷಧಿ ಅಂಗಡಿಯ ವಿಶೇಷ ಎಣ್ಣೆ ಒಂದು."

"ಈ ಮಗೂಗೆ ಯಾವುದು ಎಷ್ಟು?" ಅಂದ್ರು ಹೊಸ ಮೇಡಂ.

"ಅದು ಅವರ ತಲೇಲಿತ್ತು."

"ಮುಂಚಿನ ಪಟ್ಟೀಲಿ ಎಣ್ಣೆ ಇರಲೇ ಇಲ್ಲ" ಅಂದಳು ಅಕ್ಕ. "ಬೆಣ್ಣೆ ಜಾಸ್ತಿ ಇತ್ತು. ಇವಳು ಉಗೀತಾಳೆ ಅಂತ ಹೇಳಿದ್ದೆ. ಅದಕ್ಕೇ ಬದಲಿಸಿದ್ದಾರೆ."

"ಮನೇಲಿ ನೀವೇ ಎಣ್ಣೆ ಹಾಕಿಲ್ಲ ತಾನೇ?" ಅಂದ್ರು ಹೊಸ ಮೇಡಂ. "ಒಳ್ಳೇದಾಯ್ತು. ಒಂದೇ ಸಲಕ್ಕೆ ಏರಿಸಿದ್ರೆ ವಾಂತಿ, ಹೊಟ್ಟೆನೋವು. ಹಳೇ ಸಾಲು ಹುಡುಕೋದೇ ಬೇಡ. ಇವತ್ತಿನ ತೂಕಕ್ಕೆ ಹೊಸದಾಗಿ ಲೆಕ್ಕ ಹಾಕೋಣ, ನಿಧಾನಕ್ಕೆ ಏರಿಸೋಣ."

ಅಕ್ಕ ತಲೆ ತಗ್ಗಿಸಿ ಕೂತೇ ಇದ್ದಳು. ನರ್ಸಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟರು. "ತಾಯೀ, ಅವರು ನಾಳೆ ಹೇಳೋಣ ಅಂತ ಇಟ್ಟಿದ್ರು. ನೀವು ಅವರು ಕೊಟ್ಟಿದ್ದನ್ನ ಕಣ್ಣಿಗೊತ್ತಿ ಮಾಡಿದ್ರಿ. ಇದ್ರಲ್ಲಿ ಯಾರನ್ನ ಬೈತೀರಿ?"

ಅಕ್ಕ ಗುಬ್ಬಿಯನ್ನ ಎತ್ತಿ ತೂಕದ ಯಂತ್ರದ ಮೇಲೆ ನಿಲ್ಲಿಸಿದಳು.

ಆ ವಾರದ ಕೊನೆಗೆ ಮೂತ್ರದ ಪಟ್ಟಿ ನೇರಳೆಗೆ ತಿರುಗಿತು. ಅದಾದ ಮೇಲೂ ಒಂದು ಫಿಟ್ಸ್ ಬಂತು, ಚಿಕ್ಕದು. ಆಮೇಲೆ ಬಂದಿಲ್ಲ, ಇಲ್ಲಿಯವರೆಗೆ. ನಾಳೆಯ ಮಾತನ್ನ ಆ ಮನೇಲಿ ಯಾರೂ ಆಡಲ್ಲ.

ಹೊಸ ಮೇಡಂ ಈಗ ಚಿತ್ರದ ಬದಲು ಶೀಟನ್ನೇ ಕಳಿಸ್ತಾರೆ. ಶೀಟು ಬಂತು ಅಂದ್ರೆ ಅಕ್ಕ ಮೊದಲು ಆಹಾರದ ಹೆಸರನ್ನೂ ನೋಡಲ್ಲ, ತೂಕವನ್ನೂ ನೋಡಲ್ಲ. ಎಡಗಡೆ ಬೆರಳಿಟ್ಟು ಇಳಿಸ್ತಾ ಬರ್ತಾಳೆ. ಗುಬ್ಬಿ ಸಿರಿಂಜಿನ ಎಣ್ಣೆಯನ್ನ ಮುಖ ಕಿವುಚಿ ನುಂಗಿ, ಅವಳ ಮಡಿಲಿಗೆ ಆನಿಕೊಂಡು ಜೊತೆಗೂಡ್ತಾಳೆ.

"ಎಂಟು, ಒಂಬತ್ತು..."

ಅಲ್ಲಿ ಅಕ್ಕ ಪ್ರತಿ ಸಲ ಉಸಿರು ಹಿಡಿಯುತ್ತಾಳೆ.

"ಹತ್ತು!" ಅಂತಾಳೆ ಗುಬ್ಬಿ.