ನಿರ್ಜಲೀಕರಣದ ನೋಟೀಸು

ಇಂಗ್ಲಿಷ್ ಸುತ್ತೋಲೆಯನ್ನು ಕನ್ನಡಕ್ಕೆ ತರುವುದೆಂದರೆ ತಾಲ್ಲೂಕಿನ ಆರೋಗ್ಯ ಶಿಕ್ಷಣಾಧಿಕಾರಿ ಪಂಚಾಕ್ಷರಯ್ಯನವರಿಗೆ ಹಬ್ಬ. ಈ ಸಲ ಮಾತ್ರ 'ಭೇದಿ' ಎಂದು ಬರೆಯಲು ಪೆನ್ನು ಒಪ್ಪಲಿಲ್ಲ. ಸರ್ಕಾರದ ಮುದ್ರೆಯ ಕೆಳಗೆ ಅಂಥ ಮಾತೇ? ಮೈಯಲ್ಲಿನ ನೀರು ಬತ್ತುವುದಕ್ಕೂ ಒಂದು ಗಂಭೀರ ಪದ ಹುಡುಕಿದರು. 'ಗ್ರಾಮದಲ್ಲಿ ಅತಿಸಾರದಿಂದ ನಿರ್ಜಲೀಕರಣ ಉಂಟಾಗುವ ಸಂಭವವಿದೆ. ಲಕ್ಷಣ ಕಂಡೊಡನೆ ಆರೋಗ್ಯ ಕೇಂದ್ರಕ್ಕೆ ಧಾವಿಸಿ' ಎಂಬ ನೋಟೀಸನ್ನು ಪಂಚಾಯ್ತಿ ಗೋಡೆಗೆ ಅಂಟಿಸಿದ್ದಾಯಿತು.

ಮರುದಿನ ಅವರು ಆರೋಗ್ಯ ಕೇಂದ್ರಕ್ಕೆ ಬಂದರೆ ಊರ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದರು. ಬೆಳಿಗ್ಗೆಯಿಂದ ನಳದ ನೀರು ಸಣ್ಣಗೆ ಬರುತ್ತಿತ್ತು. ಲಕ್ಷಣ ಕಂಡಿತೆಂದು ಧಾವಿಸಿದ್ದರು.

"ಊರಿಗೆ ನೀರಿಲ್ಲದಂಗ ಮಾಡ್ತೀವಿ ಅಂತ ಗ್ವಾಡಿಗಿ ಹಚ್ಚೀರಲ್ರಿ ಸಾಹೇಬ್ರ, ಯಾರ್ನ ಕೇಳಿ ಹಚ್ಚೀರಿ?" ಎಂದಳು ಮುಂದೆ ನಿಂತಿದ್ದ ಫಕೀರವ್ವ.

"ನಳದ ಮಾತಲ್ಲವ್ವ ಅದು," ಎಂದು ಪಂಚಾಕ್ಷರಯ್ಯ ತಡವರಿಸಿದರು. "ಅತಿಸಾರ ಅಂದ್ರ... ಹೊಟ್ಟಿ..."

"ಭೇದೀನ?"

"ಹೂಂ."

"ಮತ್ತ ಹಂಗಽ ಬರೀಬೇಕಿತ್ತಲ್ರಿ?"

"ಬರಿಯಾಕ ನಾಚಿಕಿ ಬಂತವ್ವ."

ಫಕೀರವ್ವ ಖಾಲಿ ಕೊಡವನ್ನು ಸೊಂಟಕ್ಕೇರಿಸಿದಳು.

"ಚರಿಗಿ ಹಿಡ್ಕೊಂಡು ಬಯಲಿಗಿ ಓಡೋರು ನಾವು. ನಮಗಿಲ್ಲದ ನಾಚಿಕಿ ನಿಮಗ್ಯಾಕ್ರಿ?"