ತಗೋತೀವಿ

ಕೌಂಟರಿನ ಗಾಜಿನಾಚೆ ಕೂತಿದ್ದ ದಾಖಲಾತಿ ಮೇಡಂ ಲಕೋಟೆಯನ್ನು ಕೈಗೆತ್ತಿಕೊಂಡರು. ಅದರ ಸೀಲ್ ಇನ್ನೂ ಒಡೆದಿರಲಿಲ್ಲ, ಒಡೆದದ್ದನ್ನು ಇಲ್ಲಿ ತಗೊಳ್ಳುವುದಿಲ್ಲವಂತೆ. ಅಕ್ಕನಿಗೆ ಎದೆ ತಂಪಾಯಿತು. ಒಳಗೆ, ಪಕ್ಕದಲ್ಲೇ ನಿಂತಿದ್ದ ತಮ್ಮ ಬೇರೊಂದು ಕಾಲೇಜಿನಲ್ಲಿ ಮುಗಿಸಿದ ಬೇಸಿಗೆ ಕೋರ್ಸಿನ ಅಂಕಪಟ್ಟಿ ಇತ್ತು. ಸಂಖ್ಯಾಶಾಸ್ತ್ರದಲ್ಲಿ ಎ ಗ್ರೇಡು ಎಂದು ಮೊದಲೇ ಗೊತ್ತಾಗಿತ್ತು! ಅದೇ ಪಾಠದಲ್ಲಿ ಈ ಕಾಲೇಜಿನಲ್ಲಿ ಅವನು ಫೇಲಾಗಿದ್ದ, ಒಟ್ಟು ಗ್ರೇಡುಗಳ ಸರಾಸರಿ ನೆಲಕಚ್ಚಿತ್ತು. ಹೊಸ ವರ್ಷದೊಳಗೆ ಅದು ಮೇಲೇಳದಿದ್ದರೆ ಸೀಟು ಹೋಗುತ್ತದೆ ಎಂದು ಪತ್ರವೂ ಬಂದಿತ್ತು.

ಫೇಲಾದದ್ದು ದಡ್ಡತನಕ್ಕಲ್ಲ. ಚಿಕ್ಕಂದಿನಿಂದ ಮನೆಮಂದಿಯೆಲ್ಲ ಅವನನ್ನು ಪ್ರೊಫೆಸರ್ ಎಂದೇ ಕರೆಯುತ್ತಿದ್ದರು. ಅಕ್ಕ ಕೆಲಸ ಮಾಡುವ ಲಾಂಡ್ರಿಯಲ್ಲಿ ಬಿಸಿ ಇಸ್ತ್ರಿ ಬಿದ್ದು ಅವಳ ಕೈ ಸುಟ್ಟಿದ್ದ ತಿಂಗಳುಗಳಲ್ಲಿ ಬಟ್ಟೆ ಗಂಟು ಹೊತ್ತವನು ಅವನೇ. ಆ ದಣಿವಿಗೆ ಪರೀಕ್ಷೆಯ ಕೊಠಡಿಯಲ್ಲೇ ನಿದ್ದೆ ಹೋದನಂತೆ. ಅಕ್ಕನಿಗೆ ಇದು ಇಂದಿಗೂ ಗಂಟಲಲ್ಲಿ ಸಿಕ್ಕ ಮುಳ್ಳು.

"ಕ್ರೆಡಿಟ್ ತಗೋತೀವಿ," ಎಂದರು ಮೇಡಂ.

"ಅಬ್ಬಾ! ಸರಾಸರಿ ಮೇಲೆ ಬಂತಲ್ಲ?"

"ಅದು ಬರಲ್ಲಮ್ಮಾ. ಬೇರೆ ಕಾಲೇಜಿಂದು ಪಾಠ ಮುಗಿಸಿದ ಕ್ರೆಡಿಟ್ ಮಾತ್ರ ಬರುತ್ತೆ, ಗ್ರೇಡ್ ಬರಲ್ಲ. ಇಲ್ಲಿನ ಫೇಲು ಇದ್ದ ಹಾಗೇ ಇರುತ್ತೆ."

ಅಕ್ಕ ಕಿಟಕಿಗೆ ಬಗ್ಗಿದಳು. "ನಾನು ಕೇಳಿದ್ದೆ ಮೇಡಂ! ಇದೇ ಕಿಟಕೀಲಿ, ಬೇಸಿಗೆಗೆ ಮುಂಚೆ. ಬೇರೆ ಕಡೆ ಓದಿದ್ರೆ ತಗೋತೀರಾ ಅಂತ. ತಗೋತೀವಿ ಅಂದ್ರಿ!"

"ತಗೋತೀವಲ್ಲ," ಎಂದರು ಮೇಡಂ ಬೇಜಾರಿನಿಂದ. "ಸರಾಸರಿಗೆ ಸೇರುತ್ತಾ ಅಂತ ನೀವು ಕೇಳ್ಲಿಲ್ಲ."

ಹೌದು, ಕೇಳಿರಲಿಲ್ಲ. ಯಾರು ಕೇಳುತ್ತಾರೆ ಹೇಳಿ? ತಗೋತೀವಿ ಎಂದರೆ ಪೂರ್ತಿ ತಗೋತಾರೆ ಅಂತಲ್ಲವೇ ಅರ್ಥ? ಲಾಂಡ್ರಿಯಲ್ಲಿ ಅಂಗಿ ತೆಗೆದುಕೊಂಡು ತೋಳು ವಾಪಸ್ ಕೊಡುತ್ತಾರೆಯೇ! ಫೇಲಾದವರಿಗೆಂದು ಈ ಕಾಲೇಜು ನಡೆಸುವ ವಿಶೇಷ ಅವಧಿಯ ಫೀಸು ದುಬಾರಿ, ಆ ಕಾಲೇಜಿನ ಬೇಸಿಗೆ ಫೀಸು ಅದರ ಅರ್ಧ. ಅಗ್ಗ ಸಿಕ್ಕಿತೆಂದು ಅಕ್ಕ ಹಿಗ್ಗಿ ಹೀರೇಕಾಯಿಯಾಗಿದ್ದಳು. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡಿದ್ದಳು, ಪಾಪ!

"ಬಿಡಕ್ಕಾ," ಎಂದ ತಮ್ಮ. ಮುಖ ಸುಣ್ಣದಂತೆ ಬಿಳಿಚಿತ್ತು. "ನಾನೂ ಲಾಂಡ್ರಿಗೇ ಬರ್ತೀನಿ."

"ಬಾಯ್ಮುಚ್ಚು ಪ್ರೊಫೆಸರ್! ಮೇಡಂ, ಬೇರೇನೂ ದಾರಿ ಇಲ್ವಾ?"

ಮೇಡಂ ಬಾಗಿಲ ಮೇಲಿನ ಗಡಿಯಾರ ನೋಡಿದರು. "ವಿಶೇಷ ಅವಧಿ ನಾಳೆ ಶುರು. ಇವತ್ತೇ ಕೊನೆ. ಅದೇ ಪಾಠ ಇಲ್ಲೇ ಮತ್ತೆ ಓದಿದ್ರೆ ಹಳೇ ಫೇಲಿನ ಜಾಗಕ್ಕೆ ಹೊಸ ಗ್ರೇಡು ಬರುತ್ತೆ. ಆದ್ರೆ ಈ ಲಕೋಟೆ ದಾಖಲಾದ್ರೆ ಆ ದಾರೀನೂ ಮುಚ್ಚಿತು. ಕ್ರೆಡಿಟ್ ಬಂದ ಪಾಠಾನ ಮತ್ತೆ ಓದೋಕೆ ಬಿಡಲ್ಲ."

ಅಕ್ಕ ಗಬಕ್ಕನೆ ಲಕೋಟೆ ಕಿತ್ತುಕೊಂಡಳು. ಮೇಡಂ ಅಡ್ಡಿ ಮಾಡಲಿಲ್ಲ. ಬಿಸಿಹಾಲಿನಿಂದ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಲ್ಲ, ಹಾಗೆ ಅವಳು ಈಗ ಒಂದೊಂದಾಗಿ ಕೇಳತೊಡಗಿದಳು.

"ಹೊಸ ಗ್ರೇಡು ಸರಾಸರಿಗೆ ಸೇರುತ್ತಾ?"

"ಸೇರುತ್ತೆ."

"ಫಲಿತಾಂಶ ಸೀಟಿನ ತೀರ್ಮಾನಕ್ಕಿಂತ ಮುಂಚೆ ಬರುತ್ತಾ?"

"ಬರುತ್ತೆ."

"ಪಾಸಾದ್ರೆ ಸೀಟು ಉಳಿಯುತ್ತಾ?"

ಮೇಡಂ ಕಂಪ್ಯೂಟರಿನಲ್ಲಿ ಅವನ ಲೆಕ್ಕ ಹಾಕಿದರು, ಇನ್ನೊಮ್ಮೆ ಹಾಕಿದರು. "ಎ ಬಂದ್ರೆ ಉಳಿಯುತ್ತೆ. ಬಿ ಸಾಲಲ್ಲ. ಕ್ಲಾಸು ಶುರುವಾದ ಮೇಲೆ ಫೀಸು ವಾಪಸ್ ಇಲ್ಲ. ಮೊದಲೇ ಹೇಳಿದೀನಿ, ಆಮೇಲೆ ನನ್ನ ಮೇಲೆ ಬರಬೇಡಿ."

ಅಕ್ಕನ ಕೈಚೀಲದಲ್ಲಿ ಹಣವಿತ್ತು. ಸಂಜೆ ಮೂಲೆಮನೆ ಯಜಮಾನನಿಗೆ ಕೊಡಬೇಕಾಗಿದ್ದ ಅಂಗಡಿ ಮುಂಗಡ. ಸ್ವಂತ ಇಸ್ತ್ರಿ ಅಂಗಡಿ ಇಡುತ್ತೇನೆಂದು ಅವಳು ಬೀದಿಗೆಲ್ಲ ಸಾರಿದ್ದಳು. ಲಾಂಡ್ರಿಯ ಮಾಲೀಕನಿಗೆ ಕೆಲಸ ಬಿಡುತ್ತೇನೆಂದು ಮುಖಕ್ಕೆ ಹೊಡೆದ ಹಾಗೆ ಹೇಳಿಯೂ ಬಂದಿದ್ದಳು.

"ಅಕ್ಕಾ, ಬೇಡ," ತಮ್ಮ ಅವಳ ಚೀಲ ಹಿಡಿದುಕೊಂಡ. "ಎ ಬರದಿದ್ರೆ?"

"ಒಮ್ಮೆ ಬಂದಿದೆಯಲ್ಲೋ!"

"ಅಲ್ಲಿ ಬಂತು. ಇಲ್ಲಿ ಬರುತ್ತೆ ಅಂತ ಹೆಂಗೆ ಹೇಳ್ಲಿ?"

ಅಕ್ಕನಿಗೆ ಅಳು ಉಕ್ಕಿ ಬಂತು. ಗಾಜಿನ ಮುಂದೆ, ಸಾಲಿನಲ್ಲಿ ನಿಂತ ಅಷ್ಟೂ ಮಕ್ಕಳ ಮುಂದೆ ಅತ್ತೇಬಿಟ್ಟಳು. ಅಳುತ್ತಲೇ ಚೀಲದ ಗಂಟು ಬಿಚ್ಚಿ ಹಣವನ್ನು ಕಿಟಕಿಯೊಳಗೆ ತಳ್ಳಿದಳು. ರಸೀದಿ ಹೊರಬಂತು.

ಮೆಟ್ಟಿಲ ಮೇಲೆ ಕೂತು ಅವಳು ಲಕೋಟೆಯನ್ನು ಹರಿದಳು. ತಮ್ಮ ಹೌಹಾರಿದ. "ಸೀಲ್ ಒಡೆದ್ರೆ ಯಾರೂ ತಗೊಳಲ್ಲಕ್ಕಾ!"

"ನಾನು ತಗೋತೀನಿ," ಎಂದಳು ಅಕ್ಕ.

ಆ ಎ ಅಕ್ಷರವನ್ನು ಅವಳು ಬೆರಳಿನಿಂದ ಸವರಿದಳು. ಆಮೇಲೆ ಕಣ್ಣೊರೆಸಿಕೊಂಡು, ಬಿಟ್ಟ ಕೆಲಸವನ್ನು ಮತ್ತೆ ಕೊಡಿ ಎಂದು ಬೇಡಲು ಲಾಂಡ್ರಿಯ ಕಡೆಗೆ ಹೊರಟಳು.